ವರದಿಯಲ್ಲಿ ‘ಸ್ಕ್ಲೆರೋಟಿಕ್’ ಎಂದಿದ್ದರೆ ಮೂಳೆ ಮುರಿತ ಹಳೆಯದೆಂದು ಅರ್ಥವೇ? ತಾಯಿಯ ಮಣಿಕಟ್ಟಿನ ಎಕ್ಸ್‌ರೇ ಕುರಿತು

ಪಾಂಡವಪುರದ ಕಬ್ಬು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ 64 ವರ್ಷ. ಆರು ದಿನಗಳ ಹಿಂದೆ ಸಂಜೆ ಹುಲ್ಲಿನ ಹೊರೆ ಹೊತ್ತುಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದಾಗ ಒಂದು ಸ್ಕೂಟರ್ ಬಡಿದು, ಬಲಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಕೂಡಲೇ ಊದಿಕೊಂಡಿತು. ಅದೇ ರಾತ್ರಿ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಯನ್ನು ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿ ಕಳುಹಿಸಿದರು. ಚಿಕಿತ್ಸೆಯ ಬಗ್ಗೆ ನನಗೆ ದೂರಿಲ್ಲ. ತೊಂದರೆ ಬಂದಿರುವುದು ವರದಿಯ ಒಕ್ಕಣೆಯಿಂದ.

ವರದಿ ಇಂಗ್ಲಿಷಿನಲ್ಲಿದೆ. ಅದನ್ನು ಇದ್ದ ಹಾಗೆ ಕನ್ನಡ ಅಕ್ಷರಗಳಲ್ಲಿ ಬರೆಯುತ್ತೇನೆ: “ಇಂಪ್ಯಾಕ್ಟೆಡ್ ಫ್ರಾಕ್ಚರ್ ಡಿಸ್ಟಲ್ ಎಂಡ್ ಆಫ್ ರೇಡಿಯಸ್ ವಿತ್ ಡಾರ್ಸಲ್ ಆಂಗ್ಯುಲೇಷನ್. ಸ್ಕ್ಲೆರೋಟಿಕ್ ಬ್ಯಾಂಡ್ ನೋಟೆಡ್. ವೆಲ್ ಕಾರ್ಟಿಕೇಟೆಡ್ ಬೋನಿ ಫ್ರಾಗ್ಮೆಂಟ್ ಅಟ್ ಅಲ್ನಾರ್ ಸ್ಟೈಲಾಯ್ಡ್, ಓಲ್ಡ್. ಸಾಫ್ಟ್ ಟಿಶ್ಯೂ ಸ್ವೆಲ್ಲಿಂಗ್ ಪ್ರೆಸೆಂಟ್. ನೋ ಕ್ಯಾಲಸ್.”

ಸ್ಕೂಟರಿನವರ ಕಡೆಯವರು ಇದರಲ್ಲಿನ ‘ಸ್ಕ್ಲೆರೋಟಿಕ್’ ಮತ್ತು ‘ಓಲ್ಡ್’ ಎಂಬ ಎರಡು ಪದಗಳಿಗೆ ಕೆಂಪು ಗೆರೆ ಎಳೆದು, ಇದು ಮೊದಲೇ ಮುರಿದಿದ್ದ ಕೈ ಎಂದು ವಾದಿಸುತ್ತಿದ್ದಾರೆ. ಎರಡು ವರ್ಷಗಳ ಹಿಂದೆ ತಾಯಿ ಬಚ್ಚಲಲ್ಲಿ ಜಾರಿ ಇದೇ ಕೈಯ ಮೇಲೆ ಬಿದ್ದಿದ್ದು ನಿಜ. ಆಗ ಎಕ್ಸ್‌ರೇ ತೆಗೆಸಿರಲಿಲ್ಲ. ಪಕ್ಕದ ಊರಿನ ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟಿದ್ದರು, ಒಂದೂವರೆ ತಿಂಗಳಿನಲ್ಲಿ ಕೈ ಎಂದಿನಂತೆ ಆಗಿತ್ತು. ಹಾಗಾದರೆ ಈಗ ಕಾಣುತ್ತಿರುವುದು ಆಗಿನ ಮುರಿತವೇ, ಈಗಿನದೇ? ವರದಿಯ ಪದಗಳಿಂದಲೇ ಇದನ್ನು ಹೇಳಲು ಸಾಧ್ಯವೇ?

ಮದ್ದೂರು ಮೆಡಿಕಲ್ಸ್

ನಾನು ಇಪ್ಪತ್ತು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಇಂತಹ ವರದಿಗಳನ್ನು ಬಹಳ ನೋಡಿದ್ದೇನೆ. ಲೆಕ್ಕ ಸರಳವಾಗಿದೆ. ಕ್ಯಾಲಸ್ ಇದ್ದರೆ ಹಳೆಯದು, ಇಲ್ಲದಿದ್ದರೆ ಹೊಸದು. ನಿಮ್ಮ ವರದಿಯಲ್ಲಿ ‘ನೋ ಕ್ಯಾಲಸ್’ ಎಂದೇ ಇದೆ, ಆದ್ದರಿಂದ ಹೊಸದು. ಆದರೆ ಸ್ಕ್ಲೆರೋಸಿಸ್ ಎಂದರೆ ಮೂಳೆ ಗಟ್ಟಿಯಾಗಿ ಬಿಳಿಯಾಗಿರುವುದು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಆ ಒಂದು ಪದ ಮಾತ್ರ ನಿಮಗೆ ವಿರುದ್ಧವಾಗಿ ನಿಲ್ಲುತ್ತದೆ ಎಂದು ನನಗೆ ಅನಿಸುತ್ತದೆ.

ಸರಸ್ವತಿಪುರಂ ಹಿರಿಯ

ಕ್ಯಾಲಸ್ ಎಂದರೆ ಅಂಗಾಲಿನಲ್ಲಿ ಚರ್ಮ ದಪ್ಪಗಾಗಿ ಆಣಿಯಂತೆ ಆಗುವುದಲ್ಲವೇ? ನನಗೆ ಹಿಮ್ಮಡಿಯಲ್ಲಿ ಇದೆ. ಚರ್ಮದ ವೈದ್ಯರು ಅದೇ ಪದವನ್ನು ಬರೆದುಕೊಟ್ಟಿದ್ದರು. ಮಣಿಕಟ್ಟಿಗೂ ಅದಕ್ಕೂ ಏನು ಸಂಬಂಧ ಎಂಬುದು ತಿಳಿಯಲಿಲ್ಲ.

ರೇಡಿಯಾಲಜಿ ವೈದ್ಯೆ, ಮೈಸೂರು

ಹಿರಿಯರೇ, ಪದ ಒಂದೇ, ವಸ್ತು ಬೇರೆ. ಇಲ್ಲಿ ಕ್ಯಾಲಸ್ ಎಂದರೆ ಮುರಿದ ಮೂಳೆಯನ್ನು ಕೂಡಿಸಲು ದೇಹ ಹಾಕುವ ಹೊಸ ಮೂಳೆಯ ಬೆಸುಗೆ.

ಕಬ್ಬು ಬೆಳೆಗಾರರೇ, ನಾನು ಪ್ರತಿದಿನ ಇಂತಹ ವರದಿಗಳನ್ನು ಬರೆಯುವವಳು. ಫಿಲ್ಮ್ ನೋಡದೆ ತೀರ್ಪು ಹೇಳುವುದಿಲ್ಲ. ಆದರೆ ನೀವು ಕೊಟ್ಟ ವಾಕ್ಯಗಳಲ್ಲಿ ಎರಡು ಬೇರೆ ಮೂಳೆಗಳ ವಿಷಯವಿದೆ, ಆ ಕಡೆಯವರು ಅವೆರಡನ್ನೂ ಒಂದಾಗಿ ಬೆರೆಸಿಬಿಟ್ಟಿದ್ದಾರೆ. ‘ಸ್ಕ್ಲೆರೋಟಿಕ್ ಬ್ಯಾಂಡ್’ ಎಂದಿರುವುದು ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಯ ಬಗ್ಗೆ. ‘ಓಲ್ಡ್’ ಎಂದಿರುವುದು ಕಿರುಬೆರಳಿನ ಕಡೆಯ ಅಲ್ನಾ ಮೂಳೆಯ ತುದಿಯಲ್ಲಿರುವ ಚಿಕ್ಕ ಮೊನೆಯ ಬಗ್ಗೆ. ವರದಿಯಲ್ಲಿ ಈ ವಾಕ್ಯಗಳು ಅಕ್ಕಪಕ್ಕದಲ್ಲಿವೆ ಎಂಬ ಒಂದೇ ಕಾರಣಕ್ಕೆ ಒಂದರ ವಯಸ್ಸನ್ನು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ.

ಈಗ ಸ್ಕ್ಲೆರೋಸಿಸ್ ಪದಕ್ಕೆ ಬರುತ್ತೇನೆ, ಏಕೆಂದರೆ ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟಿದೆ. ಎಕ್ಸ್‌ರೇಯಲ್ಲಿ ಆ ಪದ ಹೇಳುವುದು ‘ಇಲ್ಲಿ ಸುತ್ತಲಿಗಿಂತ ಬಿಳಿಯಾಗಿ ಕಾಣುತ್ತಿದೆ’ ಎಂಬುದನ್ನು ಮಾತ್ರ. ಏಕೆ ಬಿಳಿಯಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಮೆಡಿಕಲ್ಸಿನವರು ಹೇಳಿದಂತೆ ತಿಂಗಳುಗಳ ನಂತರ ಮುರಿದ ತುದಿಗಳು ಗಟ್ಟಿಗೊಂಡು ಬಿಳಿಯಾಗುವುದು ಉಂಟು. ಆದರೆ ‘ಇಂಪ್ಯಾಕ್ಟೆಡ್’ ಮುರಿತದಲ್ಲಿ ಬಿದ್ದ ಕ್ಷಣದಲ್ಲಿಯೇ ಬಿಳಿ ಪಟ್ಟಿ ಮೂಡುತ್ತದೆ. ಮಣಿಕಟ್ಟಿನ ಹತ್ತಿರ ರೇಡಿಯಸ್ ಮೂಳೆಯ ಒಳಗೆ ಜೇನುಗೂಡಿನಂತಹ ಸಣ್ಣ ಸಣ್ಣ ಎಲುಬಿನ ಎಳೆಗಳಿರುತ್ತವೆ. ವಯಸ್ಸಾದ ಹೆಂಗಸರಲ್ಲಿ ಅವು ತೆಳುವಾಗಿರುತ್ತವೆ. ಕೈ ಊರಿಕೊಂಡು ಬಿದ್ದಾಗ ಒಂದು ತುಂಡು ಇನ್ನೊಂದರ ಒಳಗೆ ಹೊಕ್ಕು ಕೂರುತ್ತದೆ. ಮೊದಲು ಒಂದು ಪದರವಿದ್ದ ಜಾಗದಲ್ಲಿ ಈಗ ಎರಡು ಪದರಗಳು ಒತ್ತಿಕೊಂಡಿರುವುದರಿಂದ ಅಲ್ಲಿ ಕಿರಣಗಳು ಹೆಚ್ಚಾಗಿ ತಡೆಯಲ್ಪಟ್ಟು ಬಿಳಿ ಪಟ್ಟಿ ಕಾಣುತ್ತದೆ. ಅಲ್ಲಿ ಹೊಸ ಮೂಳೆ ಬೆಳೆದಿರುವುದಿಲ್ಲ, ಇದ್ದ ಮೂಳೆಯೇ ಒತ್ತರಿಸಿಕೊಂಡಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಆ ವರದಿ ಬರೆದವರು ‘ಇಂಪ್ಯಾಕ್ಟೆಡ್’ ಎಂದ ಮೇಲೆ ‘ಸ್ಕ್ಲೆರೋಟಿಕ್’ ಎಂಬ ಪದವನ್ನು ಬಿಟ್ಟಿದ್ದರೆ ಒಳ್ಳೆಯದಿತ್ತು. ‘ಡೆನ್ಸ್ ಬ್ಯಾಂಡ್ ಡ್ಯೂ ಟು ಇಂಪ್ಯಾಕ್ಷನ್’ ಎಂದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ನಾವು ಅವಸರದಲ್ಲಿ ಬರೆಯುವ ಪದಗಳಿಗೆ ಇಂತಹ ಗತಿಯೂ ಬರುತ್ತದೆ.

ಪಾಂಡವಪುರದ ಕಬ್ಬು ಬೆಳೆಗಾರ

ಮೇಡಂ, ಬಹಳ ಉಪಕಾರವಾಯಿತು. ಆದರೆ ಬಿಳಿ ಪಟ್ಟಿ ಒತ್ತಿದ್ದರಿಂದ ಬಂದಿತೋ, ಹಳೆಯ ಮುರಿತ ಗಟ್ಟಿಯಾಗಿ ಬಂದಿತೋ ಎಂಬುದನ್ನು ಫಿಲ್ಮ್‌ನಲ್ಲಿ ಹೇಗೆ ಬೇರ್ಪಡಿಸುತ್ತೀರಿ? ಮತ್ತು ‘ವೆಲ್ ಕಾರ್ಟಿಕೇಟೆಡ್’ ಎಂಬುದು ಏನು?

ರೇಡಿಯಾಲಜಿ ವೈದ್ಯೆ, ಮೈಸೂರು

ನೀವು ಕಬ್ಬು ಬೆಳೆಯುವವರು, ಆದ್ದರಿಂದ ಬೆಲ್ಲದ ಅಚ್ಚನ್ನೇ ತೆಗೆದುಕೊಳ್ಳೋಣ. ಈಗ ತಾನೇ ಒಡೆದ ಅಚ್ಚಿನ ಅಂಚು ಚೂಪಾಗಿ, ಒರಟಾಗಿ ಇರುತ್ತದೆ, ಎರಡು ಹೋಳುಗಳನ್ನು ಹತ್ತಿರ ತಂದರೆ ಒಂದಕ್ಕೊಂದು ಕೂರುತ್ತವೆ. ಅದೇ ಹೋಳನ್ನು ಮಳೆಗಾಲವೆಲ್ಲ ಬಿಟ್ಟರೆ ಅಂಚುಗಳು ಕರಗಿ ದುಂಡಾಗುತ್ತವೆ, ಮತ್ತೆ ಜೋಡಿಸಿದರೆ ಕೂರುವುದಿಲ್ಲ. ಮೂಳೆಯಲ್ಲಿ ಇನ್ನೂ ಒಂದು ಹೆಜ್ಜೆ ಹೆಚ್ಚಾಗಿ ನಡೆಯುತ್ತದೆ. ಕೂಡಿಕೊಳ್ಳದೆ ಉಳಿದ ತುಂಡಿನ ಸುತ್ತ ದೇಹ ಹೊಸ ತೊಗಟೆಯನ್ನು ಕಟ್ಟುತ್ತದೆ. ಫಿಲ್ಮ್‌ನಲ್ಲಿ ಆ ತುಂಡಿನ ಸುತ್ತಲೂ ಪೆನ್ನಿನಿಂದ ಎಳೆದಂತಹ ತೆಳುವಾದ ಬಿಳಿ ಗೆರೆ ಕಾಣುತ್ತದೆ. ಅದಕ್ಕೆ ‘ವೆಲ್ ಕಾರ್ಟಿಕೇಟೆಡ್’ ಎನ್ನುತ್ತೇವೆ. ಆರು ದಿನಗಳಲ್ಲಿ ಅಂತಹ ಗೆರೆ ಮೂಡುವುದು ಸಾಧ್ಯವಿಲ್ಲ, ತಿಂಗಳುಗಳೇ ಬೇಕು. ಆದ್ದರಿಂದ ನಿಮ್ಮ ತಾಯಿಯವರ ಅಲ್ನಾದ ಮೊನೆಯಲ್ಲಿರುವ ತುಂಡು ಹಳೆಯದು ಎಂಬ ಮಾತನ್ನು ನೀವು ಒಪ್ಪಿಕೊಳ್ಳುವುದೇ ಸರಿ. ಮಣಿಕಟ್ಟು ಮುರಿದವರಲ್ಲಿ ಆ ಮೊನೆ ಕೂಡಿಕೊಳ್ಳದೆ ಹಾಗೆಯೇ ಉಳಿದು, ನೋವಿಲ್ಲದೆ ವರ್ಷಗಟ್ಟಲೆ ಇರುವುದು ಬಹಳ ಸಾಮಾನ್ಯ. ಬಚ್ಚಲಲ್ಲಿ ಬಿದ್ದಾಗ ಅದು ಕಿತ್ತಿರಬಹುದು.

ರೇಡಿಯಸ್ ವಿಷಯದಲ್ಲಿ ನಾನು ನೋಡುವುದು ಬಿಳಿ ಪಟ್ಟಿಗಿಂತ ಹೆಚ್ಚಾಗಿ ಅದರ ಎರಡು ತುದಿಗಳನ್ನು. ಪಟ್ಟಿ ಮೂಳೆಯ ಹೊರತೊಗಟೆಯನ್ನು ಮುಟ್ಟುವ ಕಡೆ ತೊಗಟೆ ಮೆಟ್ಟಿಲಿನಂತೆ ತಟ್ಟನೆ ತುಂಡಾಗಿದ್ದರೆ, ಚೂಪಾದ ಮೂಲೆ ಇದ್ದರೆ, ಅದು ಹೊಸದು. ಎರಡು ವರ್ಷಗಳ ಹಿಂದೆ ಕೂಡಿದ ಮೂಳೆಯಾಗಿದ್ದರೆ ತೊಗಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಸೊಟ್ಟಗಿರಬಹುದು, ದಪ್ಪಗಿರಬಹುದು, ಆದರೆ ಮೆಟ್ಟಿಲು ಇರುವುದಿಲ್ಲ. ಒಳಗಿನ ಎಳೆಗಳೂ ಆ ಜಾಗವನ್ನು ದಾಟಿ ಹೋಗಿರುತ್ತವೆ. ಈ ಸ್ಥಿತಿಗೆ ‘ರೀಮಾಡೆಲ್ಡ್’ ಎಂದೋ ‘ಓಲ್ಡ್ ಯುನೈಟೆಡ್ ಫ್ರಾಕ್ಚರ್’ ಎಂದೋ ಬರೆಯುತ್ತೇವೆ. ನಿಮ್ಮ ವರದಿಯಲ್ಲಿ ಅಂತಹ ಪದ ರೇಡಿಯಸ್‌ಗೆ ಬಂದಿಲ್ಲ. ಅಲ್ಲದೆ ಸುತ್ತಲಿನ ಮಾಂಸದ ಊತವನ್ನು ಅವರು ದಾಖಲಿಸಿದ್ದಾರೆ, ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಊತ ಒಂದನ್ನೇ ನೆಚ್ಚಬೇಡಿ. ಹಳೆಯ ಮುರಿತವಿರುವ ಕೈ ಉಳುಕಿದರೂ ಊದಿಕೊಳ್ಳುತ್ತದೆ.

ಮದ್ದೂರು ಮೆಡಿಕಲ್ಸ್

ಸ್ಕ್ಲೆರೋಸಿಸ್ ಬಗ್ಗೆ ನಾನು ತಿಳಿದಿದ್ದು ಅರ್ಧವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕ್ಯಾಲಸ್ ಸೂತ್ರವಾದರೂ ಸರಿ ತಾನೇ?

ರೇಡಿಯಾಲಜಿ ವೈದ್ಯೆ, ಮೈಸೂರು

ಒಂದು ದಿಕ್ಕಿನಲ್ಲಿ ಮಾತ್ರ ಸರಿ. ವಯಸ್ಕರಲ್ಲಿ ಮುರಿತವಾದ ಎರಡು ಮೂರು ವಾರಗಳವರೆಗೆ ಕ್ಯಾಲಸ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬೆಸುಗೆಯ ಕೆಲಸ ಮೊದಲೇ ಶುರುವಾಗಿರುತ್ತದೆ, ಆದರೆ ಅದರಲ್ಲಿ ಸುಣ್ಣದ ಅಂಶ ಸೇರುವವರೆಗೆ ಕಿರಣಗಳಿಗೆ ಅದು ಸಿಗುವುದಿಲ್ಲ. ಆದ್ದರಿಂದ ಬಿದ್ದ ದಿನವೇ ತೆಗೆದ ಫಿಲ್ಮ್‌ನಲ್ಲಿ ಕ್ಯಾಲಸ್ ಇದೆ ಎಂದು ಬರೆದಿದ್ದರೆ ಆ ಮುರಿತ ಆ ದಿನದ್ದಲ್ಲ ಎಂದು ಖಚಿತವಾಗಿ ಹೇಳಬಹುದು. ಮಕ್ಕಳಲ್ಲಿ ಅದು ಒಂದು ವಾರ, ಹತ್ತು ದಿನಗಳಲ್ಲಿಯೇ ಕಾಣತೊಡಗುತ್ತದೆ.

ತಿರುಗಿಸಿ ಹೇಳಿದರೆ ಸೂತ್ರ ಮುರಿಯುತ್ತದೆ. ಕ್ಯಾಲಸ್ ಇಲ್ಲ ಎಂಬುದರಿಂದ ಹೊಸದು ಎಂದು ಹೇಳಲು ಬರುವುದಿಲ್ಲ. ತೊಡೆಮೂಳೆಯ ಕುತ್ತಿಗೆ ಕೀಲಿನ ಚೀಲದೊಳಗೆ ಇರುವುದರಿಂದ ಅಲ್ಲಿ ಹೊರಗಡೆ ಕ್ಯಾಲಸ್ ಕಟ್ಟುವ ಪೊರೆಯೇ ಸರಿಯಾಗಿಲ್ಲ. ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿಯಾಗಿ ಕೂರಿಸಿದ ಮೂಳೆಯೂ ಹೊರಗೆ ಗಂಟು ಕಟ್ಟದೆಯೇ ಕೂಡಿಕೊಳ್ಳಬಹುದು. ಅಂತಹ ಕಡೆ ಮೂರು ತಿಂಗಳಾದರೂ ವರದಿಯಲ್ಲಿ ‘ನೋ ಕ್ಯಾಲಸ್’ ಎಂದೇ ಬರಬಹುದು. ನಿಮ್ಮ ತಾಯಿಯ ಪ್ರಕರಣದಲ್ಲಿಯೂ ರೇಡಿಯಸ್ ತುದಿ ಹೆಚ್ಚಾಗಿ ಒಳಗಿನಿಂದಲೇ ಕೂಡಿಕೊಳ್ಳುತ್ತದೆ. ಆದ್ದರಿಂದ ಮುಂದಿನ ಫಿಲ್ಮ್‌ನಲ್ಲಿ ದೊಡ್ಡ ಗಂಟು ಕಾಣಲಿಲ್ಲವೆಂದು ಯಾರೂ ಗಾಬರಿಯಾಗಬಾರದು.

ಮೇಟಗಳ್ಳಿ ಕಾರ್ಮಿಕ

ನನ್ನ ಅನುಭವ ಇದಕ್ಕೆ ಹತ್ತಿರವಾಗಿದೆ. ಮೆಟ್ಟಿಲಿನಿಂದ ಬಿದ್ದು ಪಕ್ಕೆಗೆ ಪೆಟ್ಟಾಗಿತ್ತು. ಮೊದಲ ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ ಎಂದರು. ಕೆಮ್ಮಿದರೆ ಜೀವ ಹೋಗುವಷ್ಟು ನೋವು ಇದ್ದುದರಿಂದ 24ನೇ ದಿನ ಮತ್ತೆ ತೆಗೆಸಿದೆ. ಆಗ ‘ಹೀಲಿಂಗ್ ಫ್ರಾಕ್ಚರ್ ವಿತ್ ಕ್ಯಾಲಸ್, ಎಂಟನೇ ಪಕ್ಕೆಲುಬು’ ಎಂದು ಬಂದಿತು. ಕೆಲಸದ ಜಾಗದಲ್ಲಿ ರಜೆ ಕೇಳಿದರೆ, ಮೊದಲ ವರದಿಯಲ್ಲಿ ಮುರಿತ ಇರಲಿಲ್ಲ, ಆದ್ದರಿಂದ ನೀನು ಆಮೇಲೆ ಎಲ್ಲಿಯೋ ಬಿದ್ದಿದ್ದೀಯ ಎಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ರಜೆಯ ಸಂಬಳವೂ ಹೋಯಿತು.

ರೇಡಿಯಾಲಜಿ ವೈದ್ಯೆ, ಮೈಸೂರು

ನಿಮಗೆ ಅನ್ಯಾಯವಾಗಿದೆ. ಜರುಗದ ಪಕ್ಕೆಲುಬಿನ ಬಿರುಕು ಮೊದಲ ಫಿಲ್ಮ್‌ನಲ್ಲಿ ತಪ್ಪಿಹೋಗುವುದು ನಮಗೆಲ್ಲರಿಗೂ ಗೊತ್ತಿರುವ ಸಂಗತಿ. ಮುರಿದ ಅಂಚಿನ ಸತ್ತ ಮೂಳೆಯನ್ನು ದೇಹ ಮೊದಲು ಹೀರಿಕೊಳ್ಳುತ್ತದೆ. ಹೀಗಾಗಿ ಹತ್ತು ಹದಿನಾಲ್ಕು ದಿನಗಳ ಹೊತ್ತಿಗೆ ಕೂದಲೆಳೆಯಂತಿದ್ದ ಬಿರುಕು ಅಗಲವಾಗಿ, ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಆನಂತರ ಕ್ಯಾಲಸ್ ಬರುತ್ತದೆ. 24ನೇ ದಿನ ಕ್ಯಾಲಸ್ ಕಂಡಿತೆಂದರೆ ಅದು ನಿಮ್ಮ ಬಿದ್ದ ದಿನಕ್ಕೇ ಹೊಂದುತ್ತದೆ. ಆ ಫಿಲ್ಮ್ ತೆಗೆಯುವ ಮೂರು ನಾಲ್ಕು ದಿನ ಮೊದಲು ಬಿದ್ದಿದ್ದರೆ ಕ್ಯಾಲಸ್ ಇರಲು ಸಾಧ್ಯವೇ ಇರಲಿಲ್ಲ.

ಕಬ್ಬು ಬೆಳೆಗಾರರಿಗೂ ಇದರಲ್ಲಿಯೇ ದಾರಿಯಿದೆ. ಹೊಸ ಮುರಿತ ವಾರದಿಂದ ವಾರಕ್ಕೆ ಬದಲಾಗುತ್ತದೆ, ಹಳೆಯದು ಬದಲಾಗುವುದಿಲ್ಲ. ಮೂರನೇ ವಾರದಲ್ಲಿ ಹೇಗೂ ಮೂಳೆ ಜರುಗಿದೆಯೇ ಎಂದು ನೋಡಲು ಎಕ್ಸ್‌ರೇ ತೆಗೆಯುತ್ತಾರೆ. ಅದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಹೋಲಿಸಿ ವರದಿ ಬರೆಯುವಂತೆ ಕೇಳಿಕೊಳ್ಳಿ. ಎರಡಕ್ಕೂ ಸಿ.ಡಿ. ಪಡೆಯಿರಿ. ಮೊಬೈಲಿನಲ್ಲಿ ತೆಗೆದ ಫಿಲ್ಮ್‌ನ ಚಿತ್ರದಲ್ಲಿ ತೊಗಟೆಯ ತೆಳು ಗೆರೆಗಳು ಉಳಿಯುವುದಿಲ್ಲ.

ಕುವೆಂಪುನಗರದ ಗೃಹಿಣಿ

ನನ್ನ ಮಗನಿಗೆ ಏಳು ವರ್ಷವಿದ್ದಾಗ ಮುಂಗೈ ಮುರಿದು, ಪ್ಲಾಸ್ಟರ್ ತೆಗೆದಾಗ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಬೆಳೆಯುತ್ತಾ ಸರಿಹೋಗುತ್ತದೆ ಎಂದು ವೈದ್ಯರು ಹೇಳಿದರು, ನಾವು ನಂಬಲಿಲ್ಲ. ಈಗ ಅವನಿಗೆ ಹತ್ತು ವರ್ಷ. ಮೊನ್ನೆ ಆಟದಲ್ಲಿ ಬಿದ್ದಾಗ ತೆಗೆಸಿದ ಎಕ್ಸ್‌ರೇಯಲ್ಲಿ ಹಳೆಯ ಮುರಿತದ ಗುರುತೇ ಇಲ್ಲ! ಹಾಗಿದ್ದರೆ ಇವರ ತಾಯಿಗೆ ಎರಡು ವರ್ಷಗಳ ಹಿಂದೆ ರೇಡಿಯಸ್ ಕೂಡ ಮುರಿದು, ಅದು ಹೀಗೆಯೇ ಅಳಿಸಿಹೋಗಿರಬಹುದಲ್ಲವೇ?

ರೇಡಿಯಾಲಜಿ ವೈದ್ಯೆ, ಮೈಸೂರು

ಒಳ್ಳೆಯ ಪ್ರಶ್ನೆ. ನಿಮ್ಮ ಮಗನ ಮೂಳೆ ಬೆಳೆಯುತ್ತಿತ್ತು, ಮುರಿದದ್ದೂ ಬೆಳವಣಿಗೆಯ ತುದಿಗೆ ಹತ್ತಿರವಾಗಿತ್ತು. ಅಂತಹ ಕಡೆ ಮಕ್ಕಳ ಮೂಳೆ ತನ್ನನ್ನು ತಾನೇ ನೇರ ಮಾಡಿಕೊಳ್ಳುತ್ತದೆ. ತಿರುಚಿಕೊಂಡು ಕೂಡಿದ್ದರೆ ಮಾತ್ರ ಅಷ್ಟಾಗಿ ಸರಿಹೋಗುವುದಿಲ್ಲ. 60 ದಾಟಿದವರಲ್ಲಿ ಗಂಟು ಕರಗಿ ಮೇಲ್ಮೈ ನಯವಾಗಬಹುದು, ಆದರೆ ಸೊಟ್ಟಗೆ ಕೂಡಿದ್ದು ಸೊಟ್ಟಗೆಯೇ ಉಳಿಯುತ್ತದೆ. ಮುರಿದರೂ ಜರುಗದೆ ಇದ್ದು ಕೂಡಿದ್ದರೆ, ಎರಡು ವರ್ಷಗಳ ನಂತರ ಗುರುತು ಸಿಗದಿರುವುದು ಸಾಧ್ಯ. ಆದ್ದರಿಂದ ಆಗ ರೇಡಿಯಸ್‌ನಲ್ಲಿ ಬಿರುಕು ಬಿಟ್ಟಿರಲೇ ಇಲ್ಲ ಎಂದು ನಾನು ಹೇಳಲಾರೆ. ಈಗ ಅಲ್ಲಿ ಕಾಣುತ್ತಿರುವ ಒಡಕು ಆಗಿನದಲ್ಲ ಎಂಬುದಷ್ಟೇ ಹೇಳಬೇಕಾದ ಮಾತು.

ಮಂಡ್ಯದ ವಕೀಲೆ

ಮೇಡಂ ಹೇಳಿದ ಈ ಭೇದ ನ್ಯಾಯಮಂಡಳಿಯ ಮುಂದೆ ಬಹಳ ಮುಖ್ಯ. ಹಳೆಯ ಪೆಟ್ಟು ಇರಲೇ ಇಲ್ಲ ಎಂದು ಕಬ್ಬು ಬೆಳೆಗಾರರು ಹೇಳಲು ಹೋದರೆ, ಅಲ್ನಾದ ತುಂಡನ್ನು ತೋರಿಸಿ ಅವರ ಮಾತನ್ನೆಲ್ಲ ಸುಳ್ಳೆಂದು ಸಾಧಿಸುತ್ತಾರೆ. ಬಚ್ಚಲಲ್ಲಿ ಬಿದ್ದದ್ದನ್ನು ಮೊದಲೇ ಹೇಳಿಕೊಳ್ಳಿ. ವಾಹನದಿಂದಾದ ಗಾಯದ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು ಎಂಬುದನ್ನೂ ಮರೆಯಬೇಡಿ. ಕ್ರಿಮಿನಲ್ ಭಾಗದಲ್ಲಿಯೂ ಇದಕ್ಕೆ ಬೆಲೆಯಿದೆ. ಮೊದಲು ಭಾರತೀಯ ದಂಡ ಸಂಹಿತೆಯ 320ನೇ ಕಲಂನಲ್ಲಿ ಇದ್ದಂತೆಯೇ ಈಗ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂನಲ್ಲಿಯೂ ಮೂಳೆ ಮುರಿತವು ತೀವ್ರ ಗಾಯದ ಪಟ್ಟಿಯಲ್ಲಿದೆ.

ನನ್ನದೊಂದು ಪ್ರಶ್ನೆ. ಮುರಿತ ಇಂತಹ ದಿನವೇ ಆಯಿತು ಎಂದು ಎಕ್ಸ್‌ರೇ ನೋಡಿ ಪ್ರಮಾಣ ಮಾಡಿ ಹೇಳಬಹುದೇ? ಪಾಟೀಸವಾಲಿನಲ್ಲಿ ಇದನ್ನೇ ಕೇಳುತ್ತಾರೆ.

ರೇಡಿಯಾಲಜಿ ವೈದ್ಯೆ, ಮೈಸೂರು

ಹೇಳಲಾಗುವುದಿಲ್ಲ. ಹಾಗೆ ಹೇಳುವ ವೈದ್ಯರನ್ನು ನಂಬಬೇಡಿ. ಮೊದಲ ಫಿಲ್ಮ್ ನೋಡಿ ‘ಎರಡು ಮೂರು ವಾರಕ್ಕಿಂತ ಹಳೆಯದಾಗಿರುವ ಲಕ್ಷಣವಿಲ್ಲ’ ಎನ್ನಬಹುದು. ಸೋಮವಾರ ಮುರಿಯಿತೋ ಅದರ ಹಿಂದಿನ ಗುರುವಾರ ಮುರಿಯಿತೋ ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಆ ದಿನ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಕೈ ಅದು ಎಂಬ ಸಾಕ್ಷ್ಯ ಆ ಅಂತರವನ್ನು ತುಂಬಬೇಕು. ಕೂಡದೆ ಉಳಿದ ಅಲ್ನಾದ ತುಂಡಿನ ವಿಷಯದಲ್ಲಿ ನಮ್ಮ ಅಂದಾಜು ಇನ್ನೂ ಸಡಿಲ. ಒಂದು ವರ್ಷದ ತುಂಡೂ ಹತ್ತು ವರ್ಷದ ತುಂಡೂ ಫಿಲ್ಮ್‌ನಲ್ಲಿ ಒಂದೇ ಬಗೆಯಾಗಿ ಕಾಣಬಹುದು.

ಪಾಂಡವಪುರದ ಕಬ್ಬು ಬೆಳೆಗಾರ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ನಿನ್ನೆ, ಅಂದರೆ 20ನೇ ದಿನ, ಎರಡನೇ ಎಕ್ಸ್‌ರೇ ಆಯಿತು. ಪ್ಲಾಸ್ಟರ್ ಮೇಲೆಯೇ ತೆಗೆದರೆ ಸೂಕ್ಷ್ಮಗಳು ಮಸುಕಾಗುತ್ತವೆ ಎಂದು ಟೆಕ್ನಿಷಿಯನ್ ಹೇಳಿದರು. ಹೇಗೂ ಕಟ್ಟು ಸಡಿಲವಾಗಿದ್ದುದರಿಂದ ವೈದ್ಯರು ಅದನ್ನು ಬಿಚ್ಚಿ, ಕೈಯನ್ನು ಅಲುಗದಂತೆ ಹಿಡಿದು ತೆಗೆಸಿ, ಹೊಸದನ್ನು ಹಾಕಿದರು. ಮೊದಲ ಫಿಲ್ಮ್ ಕೊಟ್ಟು ಹೋಲಿಸಿ ಬರೆಯುವಂತೆ ಕೇಳಿಕೊಂಡಿದ್ದೆ. ವರದಿ ಹೀಗಿದೆ: “ಇನ್ ಕಂಪ್ಯಾರಿಸನ್ ವಿತ್ ಪ್ರೀವಿಯಸ್ ಫಿಲ್ಮ್, ಫ್ರಾಕ್ಚರ್ ಮಾರ್ಜಿನ್ಸ್ ಆಫ್ ರೇಡಿಯಸ್ ಆರ್ ಇಲ್‌ಡಿಫೈನ್ಡ್, ವಿತ್ ಅರ್ಲಿ ಕ್ಯಾಲಸ್ ಅಲಾಂಗ್ ಡಾರ್ಸಲ್ ಕಾರ್ಟೆಕ್ಸ್. ಅಲ್ನಾರ್ ಸ್ಟೈಲಾಯ್ಡ್ ಫ್ರಾಗ್ಮೆಂಟ್ ಅನ್‌ಚೇಂಜ್ಡ್.” ಈಗ ಕ್ಯಾಲಸ್ ಎಂಬ ಪದ ಬಂದಿದೆ. ಇದನ್ನು ಹಿಡಿದುಕೊಂಡು ಆ ಕಡೆಯವರು ಮತ್ತೆ ಹಳೆಯದು ಎನ್ನುವುದಿಲ್ಲವೇ?

ಮದ್ದೂರು ಮೆಡಿಕಲ್ಸ್

ಈ ಸಲ ನಾನು ಸರಿಯಾಗಿ ಹೇಳುತ್ತೇನೆ ನೋಡಿ. ಮೊದಲ ದಿನ ಇಲ್ಲದ ಕ್ಯಾಲಸ್ 20ನೇ ದಿನ ಬಂದಿದೆ, ಆದ್ದರಿಂದ ಮುರಿತ ಈ ಮೂರು ವಾರಗಳ ಆಸುಪಾಸಿನದು. ಹಳೆಯದಾಗಿದ್ದರೆ ಮೊದಲ ದಿನವೇ ಇರಬೇಕಿತ್ತು, ಇಲ್ಲವೇ ಅಲ್ನಾದ ತುಂಡಿನ ಹಾಗೆ ಏನೂ ಬದಲಾಗದೆ ಇರಬೇಕಿತ್ತು.

ರೇಡಿಯಾಲಜಿ ವೈದ್ಯೆ, ಮೈಸೂರು

ಸರಿಯಾಗಿ ಹೇಳಿದಿರಿ. ಒಂದೇ ಕೈಯಲ್ಲಿ ಒಂದು ಮೂಳೆ ಬದಲಾಯಿತು, ಇನ್ನೊಂದು ಇದ್ದಂತೆಯೇ ಇದೆ. ಎರಡನೇ ವರದಿಯನ್ನು ಮೊದಲನೆಯದರಿಂದ ಬೇರ್ಪಡಿಸಿ ಎಲ್ಲಿಯೂ ಕೊಡಬೇಡಿ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ. ‘ಇಲ್‌ಡಿಫೈನ್ಡ್’ ಎಂದು ಓದಿ ಮೂಳೆ ಹಾಳಾಯಿತೆಂದು ತಾಯಿಯವರು ಹೆದರಿದ್ದರೆ ಸಮಾಧಾನ ಹೇಳಿ, ಚೂಪಾಗಿದ್ದ ಅಂಚು ಮಸುಕಾಗುವುದು ಕೂಡಿಕೊಳ್ಳುವ ಮೊದಲ ಹೆಜ್ಜೆ.

ಮಂಡ್ಯದ ವಕೀಲೆ

ಅಲ್ನಾದ ಹಳೆಯ ತುಂಡಿಗೆ ಈ ಸಲದ ಬೀಳುವಿಕೆಯಿಂದ ಹೆಚ್ಚಿನ ಪೆಟ್ಟಾಯಿತೇ ಎಂಬ ಪ್ರಶ್ನೆಯನ್ನು ಅವರು ಎತ್ತಬಹುದು, ನಾವೂ ಎತ್ತಬಹುದು. ಅದಕ್ಕೆ ಏನಾದರೂ ಉತ್ತರವಿದೆಯೇ?

ರೇಡಿಯಾಲಜಿ ವೈದ್ಯೆ, ಮೈಸೂರು

ಈ ಫಿಲ್ಮ್‌ಗಳಲ್ಲಿ ಇಲ್ಲ. ಮೂಳೆಯೊಳಗಿನ ಹೊಸ ಊತವನ್ನು ಎಂಆರ್‌ಐ ತೋರಿಸುತ್ತದೆ, ಎಕ್ಸ್‌ರೇ ತೋರಿಸುವುದಿಲ್ಲ. ಆದರೆ ಆ ಒಂದು ತುಂಡಿಗಾಗಿ ಎಂಆರ್‌ಐ ಮಾಡಿಸಿ ಎಂದು ನಾನು ಹೇಳಲಾರೆ. ಪಕ್ಕದ ರೇಡಿಯಸ್ ಮುರಿದು ಅಲ್ಲೆಲ್ಲ ಊತವಿರುವಾಗ ಅದು ಕೊಡುವ ಉತ್ತರವೂ ಸ್ಪಷ್ಟವಾಗಿ ಇರಲಾರದು.

ಪಾಂಡವಪುರದ ಕಬ್ಬು ಬೆಳೆಗಾರ

ಎರಡೂ ವರದಿಗಳನ್ನು ಸಿ.ಡಿ.ಯೊಂದಿಗೆ ವಕೀಲರಿಗೆ ಕೊಟ್ಟಿದ್ದೇನೆ. ಬಚ್ಚಲಲ್ಲಿ ಬಿದ್ದ ವಿಷಯವನ್ನೂ ಬರೆಸಿದ್ದೇನೆ. ಹಿಂದೆ ಕಟ್ಟು ಹಾಕಿದ್ದ ನಾಟಿ ವೈದ್ಯರು, ಆಗ ಮುರಿದಿದ್ದು ಕಿರುಬೆರಳ ಕಡೆಯ ಮೂಳೆ ಮಾತ್ರ ಎಂದು ಈಗಲೂ ಹೇಳುತ್ತಾರೆ, ಬೇಕಾದರೆ ಬಂದು ಹೇಳುತ್ತೇನೆ ಎಂದೂ ಹೇಳಿದ್ದಾರೆ. ಮುಂದಿನ ಎಕ್ಸ್‌ರೇ ಆರನೇ ವಾರದಲ್ಲಿ, ಪ್ಲಾಸ್ಟರ್ ಬಿಚ್ಚುವ ದಿನ.